ಮೂರು ತಿಂಗಳು ಕ್ಯಾಶ್ ಕೊಟ್ಟಿದ್ದಾರೆ, ಇನ್ನು ಉದ್ರಿ ಎಷ್ಟು ಕೊಡಬಹುದು?

ಪ್ರಶ್ನೆ: "ಸರ್, ನಮ್ಮದು ಪಿವಿಸಿ ಪೈಪು, ಫಿಟ್ಟಿಂಗ್ ಹೋಲ್‌ಸೇಲ್. ಒಂದು ಹೊಸ ಅಂಗಡಿಯವರು ಮೂರು ತಿಂಗಳಿಂದ ಕ್ಯಾಶ್ ಕೊಟ್ಟು ಮಾಲು ತಗೊಳ್ತಿದ್ದಾರೆ. ಈಗ 30 ದಿನದ ಉದ್ರಿ ಕೇಳ್ತಿದ್ದಾರೆ. ಪೇಮೆಂಟ್ ಹಿಸ್ಟರಿ ಚೆನ್ನಾಗಿದೆ. ಎಷ್ಟು ಲಿಮಿಟ್ ಇಡಬಹುದು?"

ವರ್ಷದಲ್ಲಿ ಹತ್ತು ಸಲವಾದರೂ ಈ ಪ್ರಶ್ನೆ ಬರುತ್ತದೆ. ಪೈಪಿನ ಜಾಗದಲ್ಲಿ ವೈರ್ ಇರುತ್ತದೆ, ಇಲ್ಲ ಟೈಲ್ಸ್, ಇಲ್ಲ ರಟ್ಟಿನ ಡಬ್ಬ. "ಪೇಮೆಂಟ್ ಹಿಸ್ಟರಿ ಚೆನ್ನಾಗಿದೆ" ಎಂಬ ಸಾಲು ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಲಿಮಿಟ್ ಲೆಕ್ಕಕ್ಕೆ ಹೋಗುವ ಮುಂಚೆ ಆ ಸಾಲನ್ನೇ ಹಿಡಿದುಕೊಳ್ಳುತ್ತೇನೆ.

ನಿಮ್ಮ ಹತ್ತಿರ ಈ ಅಂಗಡಿಯ ಪೇಮೆಂಟ್ ಹಿಸ್ಟರಿ ಚೆನ್ನಾಗಿಲ್ಲ. ಕೆಟ್ಟದಾಗಿಯೂ ಇಲ್ಲ. ಹಿಸ್ಟರಿಯೇ ಇಲ್ಲ.

ಕ್ಯಾಶ್ ವ್ಯಾಪಾರದಲ್ಲಿ ದುಡ್ಡು ಎಣಿಸಿಕೊಂಡ ಮೇಲೆ ಮಾಲು ಗಾಡಿಗೆ ಏರುತ್ತದೆ. ಅಲ್ಲಿ ಹಿಡಿತ ನಿಮ್ಮದು. ದುಡ್ಡಿಲ್ಲದ ದಿನ ಅವರು ಬರುವುದೇ ಇಲ್ಲ, ನಿಮಗದು ಗೊತ್ತೂ ಆಗುವುದಿಲ್ಲ. ಉದ್ರಿಯಲ್ಲಿ ಮಾಲು ಆಗಲೇ ಅವರ ಗೋಡೌನಿನಲ್ಲಿದೆ, ಅರ್ಧ ಮಾರಿಯೂ ಆಗಿದೆ. ತಿಂಗಳ ಕೊನೆಗೆ ಗಲ್ಲದಲ್ಲಿ ಇರುವ ಲಕ್ಷ ರೂಪಾಯಿಗೆ ಆರು ಜನ ಸಪ್ಲೈಯರ್‌ಗಳು ಕೈ ಚಾಚಿದ್ದಾರೆ. ಯಾರಿಗೆ ಮೊದಲು ಕೊಡಬೇಕು? ಯಾರು ನಾಳೆಯಿಂದ ಮಾಲು ನಿಲ್ಲಿಸಿದರೆ ಅಂಗಡಿ ನಡೆಯುವುದಿಲ್ಲವೋ ಅವರಿಗೆ. ಹೊಸ ಸಪ್ಲೈಯರ್ ಆ ಸಾಲಿನ ಕೊನೆಯಲ್ಲಿ ನಿಂತಿರುತ್ತಾನೆ. ನೀವು ಕೇಳಬೇಕಾದದ್ದು ಇದು: ಮಾಲು ಕೈಗೆ ಬಂದ ಮೇಲೆ ಇವರು ದುಡ್ಡು ಹೇಗೆ ಕೊಡುತ್ತಾರೆ? ಮೂರು ತಿಂಗಳ ಕ್ಯಾಶ್ ಬಿಲ್ಲುಗಳಲ್ಲಿ ಇದಕ್ಕೆ ಒಂದಕ್ಷರ ಉತ್ತರವೂ ಇಲ್ಲ.

"ಆದರೂ ನಂಬಿಕೆ ಅಂತ ಒಂದು ಬರುತ್ತೆ ಅಲ್ವಾ ಸರ್?" ಬರುತ್ತದೆ. ಮೋಸ ಮಾಡುವವರು ಬಂಡವಾಳ ಹಾಕುವುದೂ ಅದಕ್ಕೇ. ನಾನು ಲೆಕ್ಕ ಬರೆಯುವ ಒಬ್ಬ ವ್ಯಾಪಾರಿಯ ಹತ್ತಿರ ಒಂದು ಪಾರ್ಟಿ ಬಂತು. ಮೊದಲು 10,000ದ ಕ್ಯಾಶ್ ಬಿಲ್, ಆಮೇಲೆ 25,000. ನಂತರ 40,000ಕ್ಕೆ ಒಂದು ವಾರದ ಉದ್ರಿ, ಐದನೇ ದಿನಕ್ಕೇ ದುಡ್ಡು. ಇನ್ನೊಂದು 60,000, ಅದೂ ಹೇಳಿದ ದಿನಕ್ಕೆ. ದೀಪಾವಳಿಗೆ ಹದಿನೈದು ದಿನ ಮುಂಚೆ 3,80,000ದ ಆರ್ಡರ್. ಹಬ್ಬ ಮುಗಿಸಿ ಹೋಗಿ ನೋಡಿದರೆ ಷಟರ್ ಕೆಳಗಿತ್ತು. ಅದು ಶೇ 18ರ ಜಿಎಸ್‌ಟಿ ಇರುವ ಮಾಲು. ಬಿಲ್ಲಿನೊಳಗೆ ಸುಮಾರು 58,000 ತೆರಿಗೆಯೇ ಇತ್ತು. ಗಿರಾಕಿ ಕೊಡಲಿ ಬಿಡಲಿ, ಮುಂದಿನ ತಿಂಗಳು 20ರೊಳಗೆ ಅದನ್ನು ಕಟ್ಟಲೇಬೇಕು. ಬಾಕಿ ಮುಳುಗಿತು ಎಂದು ಅದು ವಾಪಸ್ ಬರುವುದಿಲ್ಲ. ಉಳಿದದ್ದಕ್ಕೆ ಇನ್ನೊಂದು ಲೆಕ್ಕ: ಶೇ 8ರ ಲಾಭದಲ್ಲಿ ವ್ಯಾಪಾರ ಮಾಡುವವನಿಗೆ 1 ಲಕ್ಷ ಮುಳುಗಿದರೆ, ಅದನ್ನು ತುಂಬಿಕೊಳ್ಳಲು 12.5 ಲಕ್ಷದ ಮಾಲು ಮಾರಬೇಕು.

ಎಲ್ಲರೂ ಮೋಸಗಾರರಲ್ಲ, ಸರಿ. ನಿಮ್ಮ ಗಿರಾಕಿ ಒಳ್ಳೆಯವರೇ ಇರಬಹುದು. ಆ ಕ್ಯಾಶ್ ಬಿಲ್ಲುಗಳನ್ನೂ ಎಸೆಯಬೇಡಿ. ತಿಂಗಳಿಗೆ ಎಷ್ಟು ಮಾಲು ಬೇಕು ಎಂಬುದು ಅವುಗಳಿಂದ ಗೊತ್ತಾಗುತ್ತದೆ, ಮುಂದೆ ಲೆಕ್ಕಕ್ಕೆ ಬೇಕು. ಕೊಡುವ ಬುದ್ಧಿ ಹೇಗಿದೆ ಎಂದು ನೋಡಲು ಮಾತ್ರ ಇವರಿಗೆ ಈಗಾಗಲೇ ಉದ್ರಿ ಕೊಟ್ಟವರ ಹತ್ತಿರ ಹೋಗಬೇಕು.

ರೆಫರೆನ್ಸ್ ಕೊಡಿ ಎಂದರೆ ಗಿರಾಕಿ ಎರಡು ಫೋನ್ ನಂಬರ್ ಕೊಡುತ್ತಾರೆ. ನೀವು ಫೋನ್ ಮಾಡುತ್ತೀರಿ. ಆ ಕಡೆಯಿಂದ "ಒಳ್ಳೆ ಪಾರ್ಟಿ ಸರ್, ಕಣ್ಣು ಮುಚ್ಚಿಕೊಂಡು ಕೊಡಿ" ಎಂದು ಬರುತ್ತದೆ. ಇದು ಮಾಹಿತಿಯಲ್ಲ, ಆಶೀರ್ವಾದ. ಹೇಳಿದವರು ಸಂಬಂಧಿಕರೂ ಇರಬಹುದು. ಇನ್ನೊಂದು ಸಾಧ್ಯತೆ ಯಾರಿಗೂ ಹೊಳೆಯುವುದಿಲ್ಲ: ಆ ಸಪ್ಲೈಯರ್‌ಗೇ ಇವರಿಂದ ಹಳೇ ಬಾಕಿ ಬರಬೇಕಿದ್ದರೆ? ನೀವು ಉದ್ರಿ ಕೊಟ್ಟರೆ ನಿಮ್ಮ ಮಾಲು ಮಾರಿದ ದುಡ್ಡಲ್ಲಿ ಅವರ ಬಾಕಿ ತೀರುತ್ತದೆ. ಹೊಗಳದೆ ಇನ್ನೇನು ಮಾಡುತ್ತಾರೆ!

ಅದಕ್ಕೇ "ಪಾರ್ಟಿ ಹೇಗೆ?" ಎಂದು ಕೇಳಬೇಡಿ. ಎಷ್ಟು ವರ್ಷದಿಂದ ಮಾಲು ಕೊಡ್ತಿದ್ದೀರಿ, ಒಂದೇ ಸಲಕ್ಕೆ ಬಾಕಿ ಎಷ್ಟರವರೆಗೆ ಹೋಗಿತ್ತು, ಕೊನೆಯ ಬಿಲ್ ಯಾವಾಗಿನದು, ಅದರ ದುಡ್ಡು ಯಾವತ್ತು ಬಂತು, ಚೆಕ್ ವಾಪಸ್ ಆಗಿದೆಯಾ ಎಂದು ಕೇಳಿ. ತಾರೀಖು, ಮೊತ್ತ ಕೇಳಿದಾಗ ಸುಮ್ನೆ ಹೊಗಳುತ್ತಿದ್ದವರು ತಡವರಿಸುತ್ತಾರೆ. ಇನ್ನೂ ಒಳ್ಳೆಯದು, ಆ ಸಪ್ಲೈಯರ್ ಕಳಿಸಿದ ಆರು ತಿಂಗಳ ಲೆಡ್ಜರ್ ಪ್ರಿಂಟನ್ನು ಗಿರಾಕಿಯಿಂದಲೇ ಕೇಳಿ. ಉದ್ರಿ ಬೇಕಾದವರು ತರಿಸಿಕೊಡುತ್ತಾರೆ. ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ಹೋದ ವರ್ಷ ಇಂಥದ್ದೇ ಒಂದು ಲೆಡ್ಜರ್ ನನ್ನ ಟೇಬಲ್ಲಿಗೆ ಬಂತು. ಫೋನಿನಲ್ಲಿ ಆ ಸಪ್ಲೈಯರ್ "30 ದಿನದ ಉದ್ರಿ, ಟೈಮಿಗೆ ಸರಿಯಾಗಿ ಕೊಡ್ತಾರೆ" ಎಂದಿದ್ದರು. ಲೆಡ್ಜರಿನಲ್ಲಿ ಏಪ್ರಿಲ್ 8ರ ಬಿಲ್ 62,000, ದುಡ್ಡು ಬಂದದ್ದು ಮೇ 21ಕ್ಕೆ. ಮೇ 14ರ ಬಿಲ್ 70,000, ದುಡ್ಡು ಜುಲೈ 2ಕ್ಕೆ. ಜೂನ್ 20ರ ಬಿಲ್ 58,000, ದುಡ್ಡು ಆಗಸ್ಟ್ 12ಕ್ಕೆ. ಬೆರಳು ಮಡಚಿ ಎಣಿಸಿ: 43 ದಿನ, 49 ದಿನ, 53 ದಿನ. ಸಪ್ಲೈಯರ್ ಸುಳ್ಳು ಹೇಳಿರಲಿಲ್ಲ. ದುಡ್ಡು ಪೂರ್ತಿ ಬರುತ್ತಿತ್ತು, ಅವರ ಮಟ್ಟಿಗೆ ಅದೇ ಸರಿಯಾದ ಟೈಮು. ನನಗೆ ಹೆದರಿಕೆಯಾದದ್ದು ತಡಕ್ಕಲ್ಲ. ಸಾಲಾಗಿ ಮೂರು ಬಿಲ್ಲಿನಲ್ಲಿ ತಡ ಏರುತ್ತಾ ಹೋಗಿತ್ತು. ಯಾವಾಗಲೂ 50 ದಿನಕ್ಕೆ ಕೊಡುವವರ ಜೊತೆ ವ್ಯಾಪಾರ ಮಾಡಬಹುದು. 43ರಿಂದ 53ಕ್ಕೆ ಜಾರುತ್ತಿರುವವರು ನಿಮ್ಮ ಹತ್ತಿರ ಎಲ್ಲಿಗೆ ನಿಲ್ಲುತ್ತಾರೋ ಹೇಳುವುದು ಕಷ್ಟ.

ಅದೇ ಹಾಳೆಯಲ್ಲಿ ಇನ್ನೊಂದು ವಿಷಯವೂ ಸಿಕ್ಕಿತು. ಮೇ 14ರಿಂದ 21ರವರೆಗೆ ಎರಡು ಬಿಲ್ ಒಟ್ಟಿಗೆ ಬಾಕಿ ಇದ್ದವು, 1,32,000. ಆ ಆರು ತಿಂಗಳಲ್ಲಿ ಬಾಕಿ ಅದಕ್ಕಿಂತ ಮೇಲೆ ಹೋಗಿರಲಿಲ್ಲ. ಅಂದರೆ ಹಳೇ ಸಪ್ಲೈಯರ್ ನಂಬಿದ್ದು ಅಷ್ಟಕ್ಕೆ. ನೀವು ಹೊಸಬರು, ಅದನ್ನು ದಾಟುವ ಕಾರಣವೇ ಇಲ್ಲ.

ಅಂಗಡಿಗೂ ಒಂದು ಸಲ ಹೋಗಿ ಬನ್ನಿ. ಹೊರಗೆ ಒಂದು ಕಂಪನಿಯ ದೊಡ್ಡ ಡೀಲರ್ ಬೋರ್ಡ್ ಇದೆ, ಒಳಗೆ ಆ ಕಂಪನಿಯ ಒಂದು ಎಲ್ಬೋ ಕೂಡ ಇಲ್ಲ. ಹಾಗಾದರೆ ಗಿರಾಕಿ ಕೊಟ್ಟ ನಂಬರ್ ಬಿಟ್ಟು ಆ ಕಂಪನಿಯ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿ. ಮಾಲು ನಿಲ್ಲಿಸಿದವರಿಗಿಂತ ಒಳ್ಳೆಯ ರೆಫರೆನ್ಸ್ ಇಲ್ಲ. ಜಿಎಸ್‌ಟಿ ಪೋರ್ಟಲ್‌ನ `Search Taxpayer` ನಲ್ಲಿ ಅವರ ನಂಬರ್ ಹಾಕಿದರೆ ನೋಂದಣಿ ಆದ ದಿನ, ರಿಟರ್ನ್ ಯಾವತ್ತು ಹಾಕಿದರು ಎಂಬುದೂ ಸಿಗುತ್ತದೆ. ತಿಂಗಳು ತಿಂಗಳು ಹಾಕುವವರ 3ಬಿ ರಿಟರ್ನ್ ಎರಡು ಮೂರು ತಿಂಗಳಿಂದ ನಿಂತಿದ್ದರೆ ಕೈ ಬಿಗಿಯಾಗಿದೆ ಎಂದುಕೊಳ್ಳಿ. ಸರಿಯಾಗಿ ಹಾಕುತ್ತಿದ್ದಾರೆ ಎಂದ ಮಾತ್ರಕ್ಕೆ ನಿಮಗೂ ಸರಿಯಾಗಿ ಕೊಡುತ್ತಾರೆ ಎಂದಲ್ಲ.

ಈಗ ಲಿಮಿಟ್. ನಿಮ್ಮ ಗಿರಾಕಿಗೆ ತಿಂಗಳಿಗೆ 60,000ದ ಮಾಲು ಬೇಕು ಎಂದುಕೊಳ್ಳೋಣ, ತೆರಿಗೆ ಸೇರಿಸಿ. ಬಾಕಿ ಇರುವುದು ತೆರಿಗೆ ಸೇರಿದ ಮೊತ್ತವೇ, ಅದನ್ನು ಬಿಟ್ಟು ಲೆಕ್ಕ ಹಾಕಬೇಡಿ. 30 ದಿನದ ಉದ್ರಿ, ಹಾಗಾಗಿ 60,000 ಲಿಮಿಟ್ ಎಂದು ಬರೆದುಕೊಂಡರೆ ಮೊದಲ ತಿಂಗಳು ಮುಗಿಯುತ್ತಲೇ ಸಿಕ್ಕಿಬೀಳುತ್ತೀರಿ. ಇವರು ತರಿಸಿಕೊಟ್ಟ ಲೆಡ್ಜರ್ ಪ್ರಕಾರ ಇವರೂ ಕೊಡುವುದು 50 ದಿನಕ್ಕೆ ಎಂದುಕೊಳ್ಳೋಣ. 60,000ವನ್ನು 50ರಿಂದ ಗುಣಿಸಿ 30ರಿಂದ ಭಾಗಿಸಿ: 1,00,000. ವ್ಯಾಪಾರ ಹೀಗೇ ನಡೆದರೆ ಬಾಕಿ ಅಲ್ಲಿಗೆ ಹೋಗೇ ಹೋಗುತ್ತದೆ. ಲಿಮಿಟ್ 60,000 ಇದ್ದರೆ 31ನೇ ದಿನ ಅವರು ಆರ್ಡರ್ ಕೊಟ್ಟಾಗ "ಇದೊಂದು ಸಲ" ಎಂದು ನೀವೇ ಅದನ್ನು ಮುರಿಯುತ್ತೀರಿ. ಒಂದು ಸಲ ಮುರಿದ ಲಿಮಿಟ್ಟಿಗೆ ಆಮೇಲೆ ಯಾರೂ ಬೆಲೆ ಕೊಡುವುದಿಲ್ಲ. ಆ 1 ಲಕ್ಷ ಪೂರ್ತಿ ಮುಳುಗಿದರೂ ನಿಮ್ಮ ಅಂಗಡಿ ನಡೆಯುತ್ತದೆಯಾ? ಇಲ್ಲ ಎಂದರೆ ಮಾಲು ಕಡಿಮೆ ಮಾಡಿ, ಇಲ್ಲ ದಿನ ಕಡಿಮೆ ಮಾಡಿ.

ನಾನಾದರೆ 1 ಲಕ್ಷವನ್ನು ಮೊದಲ ದಿನವೇ ತೆರೆಯುವುದಿಲ್ಲ. ಮೊದಲ ಉದ್ರಿ ಬಿಲ್ 30,000, 15 ದಿನ. ಅದರ ದುಡ್ಡು ಬ್ಯಾಂಕಿಗೆ ಬಂದ ಮೇಲೆ ಎರಡನೇ ಬಿಲ್. ಹೀಗೆ ಮೂರು ಬಿಲ್ ಆದ ಮೇಲೆ 60,000, 21 ದಿನ. ನಾಲ್ಕೈದು ತಿಂಗಳು ಸರಿಯಾಗಿ ನಡೆದರೆ 1 ಲಕ್ಷದ ಮಾತು. ದಿನ ಎಣಿಸುವುದು ಬಿಲ್ಲಿನ ತಾರೀಖಿನಿಂದಲೋ, ಮಾಲು ತಲುಪಿದ ದಿನದಿಂದಲೋ ಎಂಬುದನ್ನು ಬಿಲ್ ಮಾಡುವ ಮುಂಚೆಯೇ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿಸಿ. ಟ್ಯಾಲಿಯಲ್ಲಿ ಅವರ ಲೆಡ್ಜರ್ ತೆರೆಯುವಾಗಲೇ `Maintain balances bill-by-bill` ಆನ್ ಮಾಡಿ, ದಿನ, ಲಿಮಿಟ್ ಎರಡನ್ನೂ ತುಂಬಿ. ಇಲ್ಲದಿದ್ದರೆ "ಅಕೌಂಟಿಗೆ ಜಮಾ ಮಾಡ್ಕೊಳ್ಳಿ" ಎಂದು ಅವರು ಕಳಿಸುವ 20,000, 25,000ಗಳಲ್ಲಿ ಯಾವ ಬಿಲ್ ಎಷ್ಟು ಹಳತಾಯಿತೆಂದು ಗೊತ್ತಾಗುವುದಿಲ್ಲ.

ನೀವು ಕೇಳಲಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ: "ಒಂದು ಸೆಕ್ಯುರಿಟಿ ಚೆಕ್ ಇಟ್ಕೊಂಡ್ರೆ ಇಷ್ಟೆಲ್ಲಾ ಯಾಕೆ?" ಚೆಕ್ ಇಟ್ಟುಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಅದು ದುಡ್ಡಲ್ಲ. ವಾಪಸ್ ಬಂದರೆ ಕೇಸು ಹಾಕುವ ದಾರಿ, ಅಷ್ಟೇ. ಆ ದಾರಿಗೂ ಗಡುವಿದೆ. ಚೆಕ್ಕಿನ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸ್ ಬಂದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಅವರ ಕೈ ಸೇರಿದ ಮೇಲೆ ಕೊಡಲು ಅವರಿಗೆ 15 ದಿನ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. "ಮುಂದಿನ ವಾರ ಕೊಡ್ತೀನಿ" ಎಂಬ ಮಾತಿಗೆ ಕಾದು ಆ 30 ದಿನ ಕಳೆದುಕೊಂಡವರನ್ನು ಎಷ್ಟೋ ನೋಡಿದ್ದೇನೆ. ಇನ್ನು, ಬಾಕಿ 40,000 ಇರುವಾಗ ಖಾಲಿ ಚೆಕ್ಕಿಗೆ ಲಕ್ಷ ತುಂಬಿದರೆ ನಿಮ್ಮ ಕೇಸನ್ನು ನೀವೇ ಕೆಡಿಸಿಕೊಂಡಂತೆ.

ಚೆಕ್ ತಗೊಳ್ಳುವಾಗ ಒಂದು ಕೆಲಸ ಮಾಡಿ. ಈ ಮೂರು ತಿಂಗಳಲ್ಲಿ ಅವರು ನಿಮಗೆ ಯಾವತ್ತಾದರೂ ಆನ್‌ಲೈನ್‌ನಲ್ಲಿ ದುಡ್ಡು ಹಾಕಿದ್ದರೆ, ಅದು ಯಾವ ಬ್ಯಾಂಕಿನಿಂದ ಬಂದಿತ್ತು ಎಂದು ನಿಮ್ಮ ಸ್ಟೇಟ್‌ಮೆಂಟಿನಲ್ಲಿ ನೋಡಿ. ಚೆಕ್ ಬೇರೆ ಬ್ಯಾಂಕಿನದಾಗಿದ್ದರೆ ವ್ಯಾಪಾರ ನಡೆಯುವ ಅಕೌಂಟಿನ ಚೆಕ್ಕನ್ನೇ ಕೇಳಿ. ಎರಡು ವರ್ಷದಿಂದ ಮಲಗಿರುವ ಅಕೌಂಟಿನ ಹಾಳೆ ಕೊಡುವುದು ಅವರಿಗೆ ಕಷ್ಟದ ಕೆಲಸವೇನೂ ಅಲ್ಲ.