ಬನ್ನಿ ಯಾವ ಗಿಡ? ಎರಡು ಪದದ ಹೆಸರನ್ನು ಓದುವ ಬಗೆ

ದಸರೆ ಬಂತೆಂದರೆ ಮೊಬೈಲಿಗೆ ಅದೇ ಚಿತ್ರ. ತುದಿಯಲ್ಲಿ ಸೀಳಿದ, ದನದ ಗೊರಸಿನಂಥ ಎಲೆ. ಮೇಲೆ ‘ಬನ್ನಿ ಹಬ್ಬದ ಶುಭಾಶಯಗಳು’, ಕೆಳಗೆ ‘ಶಮಿ, ವೈಜ್ಞಾನಿಕ ಹೆಸರು ಪ್ರೊಸೋಪಿಸ್ ಸಿನರೇರಿಯ’. ಈ ಸಲ ನಾಲ್ಕು ಕಡೆಯಿಂದ ಬಂತು. ನಾಲ್ಕನೆಯದನ್ನು ನೋಡಿದ ಮೇಲೆ ಬರೆಯಲೇಬೇಕು ಅನ್ನಿಸಿತು. ಎಲೆ ಒಂದು ಗಿಡದ್ದು, ಹೆಸರು ಇನ್ನೊಂದರದು. ವೈಜ್ಞಾನಿಕ ಹೆಸರು ಇರುವುದೇ ಇಂಥ ಗೊಂದಲ ತಪ್ಪಿಸಲು. ಅದನ್ನೇ ತಪ್ಪು ಗಿಡಕ್ಕೆ ಅಂಟಿಸಿದರೆ ಬರೆಯದೆ ಬಿಟ್ಟದ್ದೇ ವಾಸಿ.

ಆ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಇಡೀ ಎಲೆ ಒಂದೇ, ತುದಿ ಮಾತ್ರ ಸೀಳಿ ಎರಡು ಭಾಗ. ನಡುವಿನ ನರದ ಗುಂಟ ಪುಸ್ತಕದಂತೆ ಮಡಚಿದರೆ ಎರಡೂ ಭಾಗ ಒಂದರ ಮೇಲೊಂದು ಕೂಡುತ್ತವೆ. ಟೊಂಗೆಯಲ್ಲಿ ಮುಳ್ಳಿಲ್ಲ. ಇದು ಬಾಹಿನಿಯ ರೆಸಿಮೋಸ, ಮರಾಠಿಯಲ್ಲಿ ಆಪಟಾ. ಬಾಹಿನಿಯ ಎಂಬ ಹೆಸರು ಬಂದದ್ದು ಬಾಹಿನ್ ಎಂಬ ಅಣ್ಣತಮ್ಮಂದಿರಿಂದ. ಯೋಹಾನ್ ಮತ್ತು ಕ್ಯಾಸ್ಪರ್, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನವರು, ಇಬ್ಬರೂ ಗಿಡಗಳನ್ನು ಓದಿದವರು. ಒಂದೇ ಎಲೆಯ ಎರಡು ಭಾಗ ಅಂದರೆ ಒಂದೇ ಮನೆಯ ಇಬ್ಬರು. ನನಗೆ ಇದಕ್ಕಿಂತ ಚಂದದ ಹೆಸರು ಗೊತ್ತಿಲ್ಲ. ಇದರಲ್ಲಿ ತಮ್ಮ ಕ್ಯಾಸ್ಪರ್ 1623ರಲ್ಲಿ ಸುಮಾರು ಆರು ಸಾವಿರ ಗಿಡಗಳ ಪಟ್ಟಿ ಅಚ್ಚು ಹಾಕಿಸಿದ. ಒಂದೇ ಗಿಡಕ್ಕೆ ಹಿಂದಿನವರು ಇಟ್ಟ ಬೇರೆ ಬೇರೆ ಹೆಸರುಗಳನ್ನು ಹುಡುಕಿ ಒಂದು ಕಡೆ ಸೇರಿಸಿದ್ದೇ ಅವನ ದೊಡ್ಡ ಕೆಲಸ. ನಮ್ಮ ಬನ್ನಿಯ ಗೊಂದಲವೂ ಅದೇ ಜಾತಿಯದು.

ಆಗ ಗಿಡದ ಹೆಸರೆಂದರೆ ಒಂದು ವಾಕ್ಯದಷ್ಟು ಉದ್ದದ ವರ್ಣನೆಯೂ ಆಗಿರುತ್ತಿತ್ತು. ಪ್ರತಿ ಗಿಡಕ್ಕೂ ಎರಡೇ ಪದ ಅಂತ ಪಟ್ಟಾಗಿ ಹಿಡಿದವನು ಸ್ವೀಡನ್ನಿನ ಲಿನೇಯಸ್, 1753ರಲ್ಲಿ. ಮೊದಲ ಪದ ಕುಲ, ಎರಡನೆಯದು ಆ ಕುಲದೊಳಗಿನ ಒಂದು ಪ್ರಭೇದವನ್ನು ಗುರುತಿಸುತ್ತದೆ. ನಮ್ಮ ಕಡೆಯ ಅಡ್ಡಹೆಸರು ನೆನಪಿಸಿಕೊಳ್ಳಿ. ‘ಉಳ್ಳಾಗಡ್ಡಿಯವರು’ ಅಂದರೆ ಮನೆತನ ಗೊತ್ತಾಯಿತು, ಮನುಷ್ಯ ಯಾರು ಅಂತ ಗೊತ್ತಾಗಲಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ಮೊದಲ ಪದಕ್ಕೆ ದೊಡ್ಡ ಅಕ್ಷರ, ಎರಡನೆಯದಕ್ಕೆ ಸಣ್ಣದು, ಎರಡೂ ಓರೆ ಅಕ್ಷರದಲ್ಲಿ. ಕೆಲವು ಸಲ ಕೊನೆಗೆ ಒಬ್ಬರ ಹೆಸರೂ ಇರುತ್ತದೆ. ಪ್ರೊಸೋಪಿಸ್ ಸಿನರೇರಿಯದ ಮುಂದೆ ಆವರಣದಲ್ಲಿ ‘ಎಲ್.’, ಆಮೇಲೆ ‘ಡ್ರೂಸ್’ ಅಂತ ಇದೆ. ಎಲ್. ಅಂದರೆ ಲಿನೇಯಸ್. ಅವನು ಈ ಗಿಡವನ್ನು ಮೈಮೋಸ ಕುಲದಲ್ಲಿ ಇಟ್ಟಿದ್ದ. ಡ್ರೂಸ್ ಅದನ್ನು ಪ್ರೊಸೋಪಿಸ್‌ಗೆ ತಂದ. ಆವರಣ ಕಂಡರೆ ‘ಈ ಗಿಡ ಕುಲ ಬದಲಿಸಿದೆ’ ಅಂತ ಓದಿಕೊಳ್ಳಬೇಕು.

ಇಲ್ಲಿ ನನಗೆ ತಾಳ್ಮೆ ತಪ್ಪಿಸುವ ತಪ್ಪು ಎಂದರೆ ಅರ್ಧ ಹೆಸರು ಬರೆಯುವುದು. ‘ಪ್ರೊಸೋಪಿಸ್ ಕೆಟ್ಟ ಕಳೆ, ಕಿತ್ತು ಹಾಕಿ’ ಅಂತ ಬರೆದದ್ದನ್ನು ಎಷ್ಟೋ ಸಲ ಓದಿದ್ದೇನೆ. ಅವರ ಮನಸ್ಸಿನಲ್ಲಿ ಇರುವುದು ಬಳ್ಳಾರಿ ಜಾಲಿ, ಅಂದರೆ ಪ್ರೊಸೋಪಿಸ್ ಜೂಲಿಫ್ಲೋರ. ಅಮೆರಿಕ ಖಂಡದಿಂದ ಬಂದು ಕೆರೆಯಂಗಳ, ಹಳ್ಳದ ದಂಡೆ ಎಲ್ಲ ಹಬ್ಬಿದ ಗಿಡ. ಆದರೆ ಊರ ಹೊರಗಿನ ಕಟ್ಟೆಯಲ್ಲಿ ನಾವು ಪೂಜಿಸುವ ಬನ್ನಿಯೂ ಪ್ರೊಸೋಪಿಸ್ಸೇ ಅಲ್ವಾ? ಎರಡನೆಯ ಪದ ಬಿಟ್ಟರೆ ದೇವರ ಮರವೂ ಕಳೆಯೂ ಒಂದೇ ಆಗಿಬಿಡುತ್ತವೆ. ಗಿಡದ ಮುಂದೆ ನಿಂತಾಗ ಮುಳ್ಳು ನೋಡಿ. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲೇ ಇರುತ್ತದೆ, ಹೆಚ್ಚಾಗಿ ಜೋಡಿ. ಬನ್ನಿಯದು ಸಣ್ಣ ಶಂಕುವಿನಂಥ ಮುಳ್ಳು, ಗೆಣ್ಣು ಗೆಣ್ಣಿನ ನಡುವೆ ಅಲ್ಲೊಂದು ಇಲ್ಲೊಂದು. 2022ರಲ್ಲಿ ಈ ಕುಲವನ್ನೇ ಒಡೆದಿದ್ದಾರೆ. ಬಳ್ಳಾರಿ ಜಾಲಿ ಈಗ ನೆಲ್ಟುಮ ಜೂಲಿಫ್ಲೋರ, ಬನ್ನಿ ಮಾತ್ರ ಪ್ರೊಸೋಪಿಸ್‌ನಲ್ಲೇ ಉಳಿದಿದೆ. ಹಳೆಯ ಪುಸ್ತಕದಲ್ಲಿ ಹಳೆಯ ಹೆಸರೇ ಇರುತ್ತದೆ, ಎರಡೂ ತಿಳಿದಿರಬೇಕು.

ಸರಿ, ಹಾಗಾದರೆ ಆಪಟಾ ಎಲೆಗೆ ಬನ್ನಿ ಎನ್ನುವ ನಮ್ಮ ಜನ ತಪ್ಪೇ? ಅಲ್ಲವೇ ಅಲ್ಲ. ಬೆಳಗಾವಿಯ ಪೇಟೆಯಲ್ಲಿ ಹಬ್ಬದ ಹಿಂದಿನ ದಿನ ಇದೇ ಎಲೆಯ ಕಟ್ಟು ಇಟ್ಟುಕೊಂಡು ಕೂತ ಒಬ್ಬ ಮುದುಕಿಯನ್ನು ಕೇಳಿದೆ.

‘ಯವ್ವಾ, ಇದು ಯಾವ ಎಲಿ?’

‘ಬನ್ನಿ ಐತ್ರಿ. ನಾಳೆ ಬಂಗಾರ ಕೊಡಾಕ ಬೇಕಲ್ರೀ.’

ಪಕ್ಕದಲ್ಲಿ ನಿಂತ ಮರಾಠಿ ಹೆಣ್ಣುಮಗಳು ಅದೇ ಕಟ್ಟನ್ನು ‘ಸೋನಂ’ ಅಂತ ಕೇಳಿ ತಗೊಂಡಳು. ಆ ಪದಕ್ಕೂ ಬಂಗಾರ ಅಂತಲೇ ಅರ್ಥ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅಂತ ಕೈಗೆ ಕೊಡುವ ಎಲೆ ಯಾವುದೋ ಅದು ಬನ್ನಿ. ಇಲ್ಲಿ ಹೆಸರು ಅಂಟಿಕೊಂಡಿರುವುದು ಮರಕ್ಕಲ್ಲ, ಕೊಡುವ ಕೆಲಸಕ್ಕೆ. ಶಮಿಯ ಎಲೆ ಸಣ್ಣ ಸಣ್ಣ ಎಸಳಿನದು, ಗರಿಯಂಥದು. ಒಂದೊಂದೇ ಎಣಿಸಿ ಕೈಗಿಡಲು ಗೊರಸಿನೆಲೆಯೇ ಅನುಕೂಲ. ಎಸಳೆಲೆಯ ಇನ್ನೊಂದು ಮರ, ಸೆನೆಗಾಲಿಯ ಫೆರುಜಿನಿಯ, ಅದಕ್ಕೂ ಬನ್ನಿ ಎಂಬ ಹೆಸರಿದೆ. ಬಳಕೆ ಒಂದಾದರೆ ಹೆಸರು ಒಂದು, ಗಿಡ ಮೂರು.

ಇದರ ತಿರುವುಮುರುವೂ ಇದೆ. ಗಿಡ ಒಂದೇ, ಹೆಸರು ಹಲವು. ಹೊರದೇಶದಿಂದ ಬಂದ ಬೆಳೆಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಅವುಗಳಿಗೆ ಹಳೆಯ ಕನ್ನಡ ಹೆಸರು ಇರಲಿಲ್ಲ. ಪ್ರತಿ ಸೀಮೆಯೂ ತನಗೆ ಗೊತ್ತಿದ್ದದ್ದರ ಮೇಲೆ ಹೆಸರಿಟ್ಟಿತು. ದಕ್ಷಿಣ ಅಮೆರಿಕದಿಂದ ಬಂದ ಶೇಂಗಾ ನೋಡಿ. ಮೈಸೂರು ಕಡೆಯವರಿಗೆ ಅದು ಕಡಲೆಯಂತೆ ಕಂಡಿತು, ಕಡಲೆಕಾಯಿ ಆಯಿತು. ಬಾಗಲಕೋಟೆ, ವಿಜಯಪುರಕ್ಕೆ ಮರಾಠಿಯ ಒಡನಾಟ. ಮರಾಠಿಯಲ್ಲಿ ಶೇಂಗ ಎಂದರೆ ಕಾಯಿ, ಸೋಡಿಗೆ. ನಮಗೆ ಶೇಂಗಾ ಆಯಿತು. ಎರಡೂ ಸೀಮೆಯವರು ಹೇಳುವುದು ಅರಾಕಿಸ್ ಹೈಪೊಜಿಯವನ್ನೇ. ಹೈಪೊಜಿಯ ಎಂದರೆ ನೆಲದ ಅಡಿಯದು. ‘ನೆಲಗಡಲೆ’ ಅಂದವರು ಗ್ರೀಕ್ ಓದದೆಯೇ ಅದೇ ಮಾತು ಹೇಳಿದ್ದಾರೆ. ಬಿಳಿಜಾಲಿಯೂ ಹಾಗೆಯೇ. ಅದರ ಎರಡನೆಯ ಪದ ಲ್ಯೂಕೊಫ್ಲಿಯ, ಅಂದರೆ ಬಿಳಿ ತೊಗಟೆಯದು.

ಆದರೆ ಎರಡನೆಯ ಪದದ ಅರ್ಥ ಯಾವಾಗಲೂ ಗಿಡ ಗುರುತಿಸಲು ಸಾಲದು. ಸಿನರೇರಿಯ ಎಂದರೆ ಬೂದಿಯ ಬಣ್ಣದ್ದು. ರೆಸಿಮೋಸ ಎಂದರೆ ಹೂವು ಗೊಂಚಲಾಗಿ ಬಿಡುವುದು. ಗೊಂಚಲು ಹೂವಿನ ಗಿಡ ನೂರಾರಿವೆ. ಅರ್ಥ ನೆನಪಿಟ್ಟುಕೊಳ್ಳಲು ಅನುಕೂಲ, ಗುರುತಿಗೆ ಎಲೆ, ಮುಳ್ಳು, ಕಾಯಿಯೇ ಬೇಕು.

ಮುಂದಿನ ದಸರೆಗೆ ಆ ಚಿತ್ರ ಕಳಿಸುವವರು ಎಲೆಯನ್ನು ಹಾಗೇ ಇಡಲಿ, ‘ಬನ್ನಿ’ ಎಂಬ ಪದವನ್ನೂ ಇಡಲಿ. ಕೆಳಗಿನ ಸಾಲು ಮಾತ್ರ ಹೀಗೆ ಬದಲಿಸಿ: ‘ಬೆಳಗಾವಿ ಸೀಮೆಯಲ್ಲಿ ಹಬ್ಬಕ್ಕೆ ಕೊಡುವ ಬನ್ನಿ, ಮರಾಠಿಯಲ್ಲಿ ಆಪಟಾ, ಬಾಹಿನಿಯ ರೆಸಿಮೋಸ.’ ಶಮಿಯ ಹೆಸರು ಬರೆಯಲೇಬೇಕೆಂದರೆ ಎಸಳೆಲೆಯ ಚಿತ್ರ ಹಾಕಿ.