ಮೊಟ್ಟೆ ಅಲರ್ಜಿ ಮತ್ತು ಫ್ಲೂ ಲಸಿಕೆ: ಒಂದು ಪ್ರಶ್ನೆ ಹುಟ್ಟಿ ಹಳತಾದ ಬಗೆ

"ಮೊಟ್ಟೆ ತಿಂದರೆ ಅಲರ್ಜಿಯಾಗುತ್ತದೆಯೇ?" ಫ್ಲೂ ಲಸಿಕೆ ಚುಚ್ಚುವ ಮೊದಲು ದಶಕಗಳ ಕಾಲ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಇದು. ಹೌದೆಂದವರನ್ನು ಲಸಿಕೆ ಕೊಡದೆ ಕಳಿಸುತ್ತಿದ್ದರು. ಈಗ ಅಮೆರಿಕದ ಅಲರ್ಜಿ ತಜ್ಞರ ಸಂಘಗಳು ಆ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇಲ್ಲ ಎನ್ನುತ್ತವೆ.

ಭಯ ಹುಟ್ಟಿದ್ದು ಲಸಿಕೆ ತಯಾರಾಗುವ ಜಾಗದಲ್ಲಿ. ಇನ್‌ಫ್ಲುಯೆಂಜಾ ವೈರಸ್ಸು ಕೋಳಿಮೊಟ್ಟೆಯೊಳಗೆ ಹುಲುಸಾಗಿ ಬೆಳೆಯುತ್ತದೆ ಎಂಬುದು 1930ರ ದಶಕದಲ್ಲೇ ತಿಳಿದಿತ್ತು. ಅಮೆರಿಕದಲ್ಲಿ 1945ರಲ್ಲಿ ಜನಬಳಕೆಗೆ ಪರವಾನಗಿ ಪಡೆದ ಫ್ಲೂ ಲಸಿಕೆ ಹೀಗೆಯೇ ತಯಾರಾಗಿತ್ತು. ಇಂದಿಗೂ ಹೆಚ್ಚಿನ ಫ್ಲೂ ಲಸಿಕೆಗಳ ದಾರಿ ಅದೇ. ಸುಮಾರು 10-11 ದಿನ ಕಾವು ಕೊಟ್ಟ, ಭ್ರೂಣವಿರುವ ಮೊಟ್ಟೆಗೆ ವೈರಸ್ಸನ್ನು ಚುಚ್ಚಿ, ಎರಡು ಮೂರು ದಿನ ಬಿಟ್ಟು ಭ್ರೂಣದ ಸುತ್ತಲಿನ ದ್ರವವನ್ನು ಹೀರಿ ತೆಗೆಯುತ್ತಾರೆ. ಆ ದ್ರವದಲ್ಲಿ ವೈರಸ್ಸಿನ ಜೊತೆಗೆ ಮೊಟ್ಟೆಯ ಪ್ರೋಟೀನೂ ಬರುತ್ತದೆ. ಅದರಲ್ಲಿ ಅಳೆಯಲು ಅನುಕೂಲವಾದದ್ದು ಓವಾಲ್ಬುಮಿನ್, ಬಿಳಿಭಾಗದ ಮುಖ್ಯ ಪ್ರೋಟೀನು.

ಆರಂಭದ ಲಸಿಕೆಗಳು ಅಷ್ಟು ಶುದ್ಧವಾಗಿರಲಿಲ್ಲ, ಆದ್ದರಿಂದ ಆಗಿನ ಎಚ್ಚರಿಕೆಗೆ ಅರ್ಥವಿತ್ತು. 1960ರ ದಶಕದ ಕೊನೆಗೆ ಸಕ್ಕರೆ ದ್ರಾವಣದ ಪದರಗಳಲ್ಲಿ ವೇಗವಾಗಿ ತಿರುಗಿಸಿ ವೈರಸ್ಸನ್ನು ಬೇರ್ಪಡಿಸುವ ಯಂತ್ರಗಳು ಬಂದವು. ಲಸಿಕೆ ಸ್ವಚ್ಛವಾಯಿತು, ಆದರೆ ಎಚ್ಚರಿಕೆ ಮಾತ್ರ ಹಾಗೆಯೇ ಉಳಿಯಿತು. ಒಮ್ಮೆ ಅಚ್ಚಾದ ಎಚ್ಚರಿಕೆಯನ್ನು ತೆಗೆದುಹಾಕುವ ಧೈರ್ಯ ಯಾರಿಗೂ ಸುಲಭಕ್ಕೆ ಬರುವುದಿಲ್ಲ.

ಆ ಎಚ್ಚರಿಕೆಯಿಂದ ಏನಾಗುತ್ತಿತ್ತು ಎಂಬುದನ್ನು ಒಂದು ಮಗುವಿನ ಉದಾಹರಣೆಯಿಂದ ನೋಡೋಣ. ಮಗುವಿಗೆ ಮೊಟ್ಟೆ ತಿಂದಾಗ ಮೈಮೇಲೆ ದದ್ದು ಏಳುತ್ತದೆ, ಆಸ್ತಮಾ ಇದೆ. ಎಂದರೆ ಫ್ಲೂ ಬಂದರೆ ಹೆಚ್ಚು ಬಳಲುವ ಮಗು. ಹಳೆಯ ಪದ್ಧತಿಯಲ್ಲಿ ಮೊದಲು ಲಸಿಕೆಯಿಂದಲೇ ಚರ್ಮಪರೀಕ್ಷೆ. ಅಲ್ಲಿ ಚರ್ಮ ಕೆಂಪಾದರೆ ಲಸಿಕೆಯನ್ನು ನೂರು ಪಾಲಿಗೆ ತೆಳುಗೊಳಿಸಿ 0.05 ಮಿ.ಲೀ., ಹದಿನೈದು ನಿಮಿಷ ಬಿಟ್ಟು ಹತ್ತು ಪಾಲಿಗೆ ತೆಳುಗೊಳಿಸಿದ್ದು, ಆಮೇಲೆ ತೆಳುಗೊಳಿಸದ ಲಸಿಕೆ 0.05, 0.1, 0.15, 0.2 ಮಿ.ಲೀ. ಒಂದು ಡೋಸಿಗೆ ಆರು ಚುಚ್ಚು! ಚರ್ಮಪರೀಕ್ಷೆಯನ್ನೂ ಅಷ್ಟಾಗಿ ನಂಬುವಂತಿರಲಿಲ್ಲ. ಲಸಿಕೆಯ ಉರಿಗೇ ಚರ್ಮ ಕೆಂಪಾಗುವುದುಂಟು. ಹಾಗೆ ಕೆಂಪಾದವರಲ್ಲಿ ಹಲವರು ಪೂರ್ತಿ ಡೋಸನ್ನು ತೊಂದರೆಯಿಲ್ಲದೆ ತಾಳಿಕೊಂಡರು.

ಈಗ ಪ್ರಮಾಣದ ಲೆಕ್ಕ ನೋಡಿ. ಯುರೋಪಿನ ಔಷಧ ಮಾನದಂಡದ ಪ್ರಕಾರ ಒಂದು ಡೋಸಿನಲ್ಲಿ ಓವಾಲ್ಬುಮಿನ್ 1 ಮೈಕ್ರೋಗ್ರಾಂ ಮೀರುವಂತಿಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಇರುವ ಲಸಿಕೆಗಳೂ ಇವೆ. ಒಂದು ಮೊಟ್ಟೆಯಲ್ಲಿರುವ ಓವಾಲ್ಬುಮಿನ್ ಸುಮಾರು 2 ಗ್ರಾಂ. ಎಂದರೆ ಡೋಸಿನಲ್ಲಿರುವುದು ಹೆಚ್ಚೆಂದರೆ ಒಂದು ಮೊಟ್ಟೆಯ ಇಪ್ಪತ್ತು ಲಕ್ಷದ ಒಂದು ಪಾಲು. ದೇಹದಲ್ಲಿ ಅಲರ್ಜಿ ಹುಟ್ಟಿಸುವ ಮಾಸ್ಟ್ ಕೋಶಗಳ ಮೇಲೆ ಕೂತು ಅವನ್ನು ಎಬ್ಬಿಸುವ ಐಜಿಇ ಪ್ರತಿಕಾಯಗಳನ್ನು ಕೆರಳಿಸಲು ಇಷ್ಟು ಸಾಲದು ಎಂದು ಊಹಿಸಬಹುದು. ಆದರೆ ಇದು ಊಹೆಯೇ: ತಿಂದದ್ದು ಬೇರೆ, ಸ್ನಾಯುವಿಗೆ ಚುಚ್ಚಿದ್ದು ಬೇರೆ. ಕೊಟ್ಟು ನೋಡದೆ ಬೇರೆ ದಾರಿಯಿರಲಿಲ್ಲ.

1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊಟ್ಟೆ ಅಲರ್ಜಿಯಿದ್ದ 83 ಜನರಿಗೆ ಮೊದಲು ಹತ್ತನೇ ಒಂದು ಪಾಲು, ಅರ್ಧ ಗಂಟೆಯ ನಂತರ ಉಳಿದ ಒಂಬತ್ತು ಪಾಲು ಕೊಟ್ಟರು, ಎಲ್ಲರೂ ತಾಳಿಕೊಂಡರು. ಮುಂದೆ ಇಡೀ ಡೋಸನ್ನು ಒಂದೇ ಸಲಕ್ಕೆ ಕೊಟ್ಟ ಅಧ್ಯಯನಗಳು ಸೇರುತ್ತಾ ಹೋದವು. 2012ರಲ್ಲಿ ಕೆನಡಾದ ಸಂಶೋಧಕರು ಅವನ್ನೆಲ್ಲ ಒಟ್ಟುಗೂಡಿಸಿದಾಗ ಸಿಕ್ಕ ಲೆಕ್ಕ: ಮೊಟ್ಟೆ ಅಲರ್ಜಿಯವರು 4,172, ಅವರಲ್ಲಿ ತೀವ್ರ ಅಲರ್ಜಿಯವರು 513, ಪ್ರಾಣಾಂತಿಕ ಅಲರ್ಜಿಯಾದ ಅನಾಫಿಲ್ಯಾಕ್ಸಿಸ್ ಒಂದೂ ಇಲ್ಲ.

ನಿಯಮ ಮಾತ್ರ ಹೆಜ್ಜೆ ಹೆಜ್ಜೆಯಾಗಿ ಸಡಿಲವಾಯಿತು. ಅಮೆರಿಕದಲ್ಲಿ 2011ರಲ್ಲಿ ಬರೀ ದದ್ದು ಏಳುವವರಿಗೆ ಅರ್ಧ ಗಂಟೆಯ ನಿಗಾ ಸಹಿತ ಅನುಮತಿ. 2016ರಲ್ಲಿ ಆ ವಿಶೇಷ ನಿಗಾ ಹೋಯಿತು. 2023ರಲ್ಲಿ ಮೊಟ್ಟೆಗೆ ಎಂಥದ್ದೇ ಪ್ರತಿಕ್ರಿಯೆ ಬಂದಿದ್ದರೂ ಹೆಚ್ಚುವರಿ ಮುನ್ನೆಚ್ಚರಿಕೆ ಬೇಡ ಎಂದಾಯಿತು. ಬ್ರಿಟನ್ನಿನ ಮಾರ್ಗಸೂಚಿ ಕೊಂಚ ಬಿಗಿ: ಮೊಟ್ಟೆಯಿಂದಾಗಿ ತೀವ್ರ ನಿಗಾ ಘಟಕ ಸೇರಬೇಕಾಗಿ ಬಂದವರನ್ನು ಅದು ಬೇರೆಯಾಗಿ ಕಂಡಿದೆ.

ಫ್ಲೂ ಲಸಿಕೆಯಿಂದ ಅನಾಫಿಲ್ಯಾಕ್ಸಿಸ್ ಆಗುವುದೇ ಇಲ್ಲವೆಂದಲ್ಲ. ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸು, ಯಾರಿಗಾದರೂ ಆಗಬಹುದು. ಆದ್ದರಿಂದ ಯಾವ ಲಸಿಕೆ ಕೊಡುವಲ್ಲೂ ಅನಾಫಿಲ್ಯಾಕ್ಸಿಸ್‌ಗೆ ಮೊದಲು ಕೊಡುವ ಔಷಧವಾದ ಅಡ್ರಿನಲಿನ್ ಕೈಗೆಟುಕುವಂತಿರಬೇಕು. ಚುಚ್ಚಿದ ಕೂಡಲೇ ಮುಖ ಬಿಳಿಚಿ, ನಾಡಿ ನಿಧಾನವಾಗಿ, ಮಲಗಿಸಿದೊಡನೆ ಚೇತರಿಸಿಕೊಂಡರೆ ಅದು ಬಹುತೇಕ ಭಯದ ಮೂರ್ಛೆ. ದದ್ದು, ತುಟಿಯ ಊತ, ಉಬ್ಬಸ, ಏರುತ್ತಿರುವ ನಾಡಿ ಕಂಡರೆ ತಡಮಾಡದೆ ಅಡ್ರಿನಲಿನ್. ಹಿಂದೆ ಫ್ಲೂ ಲಸಿಕೆಯಿಂದಲೇ ಹೀಗಾದವರು ತಜ್ಞರನ್ನು ಕಾಣದೆ ಮತ್ತೆ ಚುಚ್ಚಿಸಿಕೊಳ್ಳಬಾರದು. ಅವರ ವಿಷಯದಲ್ಲಿ ಕಾರಣ ಮೊಟ್ಟೆಯೇ ಎಂದು ಮೊದಲೇ ತೀರ್ಮಾನಿಸುವಂತೆಯೂ ಇಲ್ಲ. ಲಸಿಕೆಯ ಬೇರಾವುದೋ ಅಂಶವಿರಬಹುದು.

ಹಳೆಯ ಪ್ರಶ್ನೆ ಇನ್ನೂ ಸಲ್ಲುವ ಒಂದು ಜಾಗವಿದೆ: ಹಳದಿ ಜ್ವರದ ಲಸಿಕೆ. ಅದನ್ನೂ ಮೊಟ್ಟೆಯ ಭ್ರೂಣದಲ್ಲೇ ಬೆಳೆಸುತ್ತಾರೆ, ಮೊಟ್ಟೆಯ ಪ್ರೋಟೀನು ಅದರಲ್ಲಿ ಹೆಚ್ಚು ಉಳಿಯಬಹುದು. ಅಲ್ಲಿ ಮೊಟ್ಟೆಯ ಬಗ್ಗೆ ಕೇಳಿದರೆ ನಿಜವನ್ನೇ ಹೇಳಿ, ಮತ್ತು ಅಲರ್ಜಿ ತಜ್ಞರ ಬಳಿ ಹೋಗಲು ಸೂಚಿಸಿದರೆ ಹೋಗಿ.