ತೋರಣವೂ ಇಲ್ಲ, ರಂಗೋಲಿಯೂ ಇಲ್ಲ

"ಮೊಬೈಲಲ್ಲಿ ಪೂರ್ತಿ ಕಾಣತ್ತೆ ಸರ್, ಕಂಪ್ಯೂಟರಿಗೆ ಹಾಕಿದ್ರೆ ಮಾತ್ರ ಕಟ್ ಆಗತ್ತೆ. ಸೆಟ್ಟಿಂಗಲ್ಲಿ ಏನೋ ತಪ್ಪಾಗಿದೆ, ಸ್ವಲ್ಪ ನೋಡಿ." ವಾಲ್‌ಪೇಪರ್ ವಿಷಯದಲ್ಲಿ ಬರುವ ದೂರು ಹೆಚ್ಚೂಕಮ್ಮಿ ಇದೊಂದೇ. ಹೇಳುವವರು ಆ ಹೊತ್ತಿಗಾಗಲೇ ವಿಂಡೋಸಿನ ಆಯ್ಕೆಪಟ್ಟಿಯಲ್ಲಿರುವ ಫಿಲ್, ಫಿಟ್, ಸ್ಟ್ರೆಚ್, ಟೈಲ್ ಎಲ್ಲವನ್ನೂ ಹತ್ತು ಸಲ ತಿರುವಿ ನೋಡಿರುತ್ತಾರೆ. ಸೆಟ್ಟಿಂಗಲ್ಲಿ ತಪ್ಪೇನೂ ಇರುವುದಿಲ್ಲ. ಫೋಟೊದ ಆಕಾರ ಒಂದು, ಪರದೆಯ ಆಕಾರ ಇನ್ನೊಂದು. ಆ ಪಟ್ಟಿಯಲ್ಲಿರುವುದು ಈ ವ್ಯತ್ಯಾಸದ ನಷ್ಟವನ್ನು ಯಾವ ರೀತಿಯಲ್ಲಿ ಅನುಭವಿಸುತ್ತೀರಿ ಎಂಬ ಆಯ್ಕೆ ಮಾತ್ರ.

ಬನಶಂಕರಿಯ ಒಂದು ಹೊಸ ಫ್ಲ್ಯಾಟಿನ ಗೃಹಪ್ರವೇಶ ಅಂದುಕೊಳ್ಳಿ. ಬಾಗಿಲ ಮೇಲೆ ಮಾವಿನ ತೋರಣ, ಹೊಸ್ತಿಲ ಮುಂದೆ ರಂಗೋಲಿ, ನಡುವೆ ಮನೆಮಂದಿ. ಮೊಬೈಲನ್ನು ಅಡ್ಡ ಹಿಡಿದು ತೆಗೆದ ಫೋಟೊ, ಪಿಕ್ಸೆಲ್ ಎಂಬ ಚುಕ್ಕಿಗಳ ಲೆಕ್ಕದಲ್ಲಿ 4000 ಅಗಲ, 3000 ಎತ್ತರ, ಅಂದರೆ 4:3. ಭಾವಮೈದ ಅದನ್ನು ವಾಟ್ಸಾಪಿನಲ್ಲಿ ಕಳಿಸುತ್ತಾನೆ, ಬರುವಾಗ ಅದು 1600×1200 ಆಗಿರುತ್ತದೆ. ಹಾಕಬೇಕಾಗಿರುವುದು 1920×1080 ಪರದೆಯ ಲ್ಯಾಪ್‌ಟಾಪಿಗೆ, ಅದರ ಆಕಾರ 16:9.

ಫಿಲ್ ಆರಿಸಿದರೆ ವಿಂಡೋಸ್ ಮಾಡುವ ಲೆಕ್ಕ ಸರಳ. ಅಗಲ ತುಂಬಲು 1600ನ್ನು 1.2 ಪಟ್ಟು ಹಿಗ್ಗಿಸಬೇಕು. ಎತ್ತರಕ್ಕೆ 0.9 ಪಟ್ಟು ಸಾಕು, ಅಂದರೆ ಸ್ವಲ್ಪ ಕುಗ್ಗಿಸಬೇಕು. ಪರದೆಯ ಎಲ್ಲೂ ಖಾಲಿ ಬಿಡಬಾರದೆಂದು ಅದು ದೊಡ್ಡ ಸಂಖ್ಯೆಯನ್ನೇ ಹಿಡಿಯುತ್ತದೆ. ಫೋಟೊ 1920×1440 ಆಗುತ್ತದೆ. ಪರದೆಯಲ್ಲಿರುವುದು 1080 ಸಾಲು, ಉಳಿದ 360 ಸಾಲು ಹೊರಗೆ. ಫೋಟೊದ ಕಾಲು ಭಾಗ ಹೋಯಿತು, ಅದರ ಜೊತೆಗೆ ತೋರಣವೂ ರಂಗೋಲಿಯೂ.

ಫಿಟ್ ಇದೇ ಲೆಕ್ಕದಲ್ಲಿ ಚಿಕ್ಕ ಸಂಖ್ಯೆಯನ್ನು ಹಿಡಿಯುತ್ತದೆ. 0.9 ಪಟ್ಟಿಗೆ ಫೋಟೊ 1440×1080 ಆಗಿ ಪೂರ್ತಿ ಕಾಣುತ್ತದೆ, ಎಡಕ್ಕೂ ಬಲಕ್ಕೂ 240 ಚುಕ್ಕಿ ಅಗಲದ ಪಟ್ಟಿ ಖಾಲಿ ಉಳಿಯುತ್ತದೆ. ಸ್ಟ್ರೆಚ್ ಎರಡೂ ಸಂಖ್ಯೆಗಳನ್ನು ಬಳಸಿಬಿಡುತ್ತದೆ: ಅಗಲಕ್ಕೆ 1.2, ಎತ್ತರಕ್ಕೆ 0.9. ಯಾವುದೂ ಕಟ್ ಆಗುವುದಿಲ್ಲ, ಖಾಲಿಯೂ ಇರುವುದಿಲ್ಲ, ಆದರೆ ಎಲ್ಲರೂ ಮೂರನೇ ಒಂದರಷ್ಟು ದಪ್ಪಗಾಗುತ್ತಾರೆ. ಅತ್ತಿಗೆಯವರಿಂದ ಬರುವ ದೂರು ಸಾಮಾನ್ಯವಾಗಿ ಇದರದ್ದೇ. ಫೋಟೊವನ್ನು ಮೊಬೈಲ್ ನೆಟ್ಟಗೆ ಹಿಡಿದು ತೆಗೆದಿದ್ದರಂತೂ ಫಿಲ್ ಅದರ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಒಂದೇ ಚಿತ್ರವನ್ನು ಪರದೆ ತುಂಬ ಮತ್ತೆ ಮತ್ತೆ ಜೋಡಿಸುವ ಟೈಲ್ ಫೋಟೊಗಳಿಗೆ ಅಲ್ಲವೇ ಅಲ್ಲ. ಒಂದು ಅಂಚು ಇನ್ನೊಂದು ಅಂಚಿಗೆ ಕೂಡಿಕೊಳ್ಳುವ, ಸೀರೆ ಅಂಚಿನಂಥ ಸಣ್ಣ ವಿನ್ಯಾಸಗಳಿಗೆ ಅದು.

ಇಲ್ಲಿ ಒಂದು ಪರೀಕ್ಷೆ ಇದೆ. Settings > Personalization > Background ಗೆ ಹೋಗಿ, Choose a fit for your desktop image ಎಂಬಲ್ಲಿ ಫಿಲ್, ಫಿಟ್, ಸ್ಟ್ರೆಚ್ ಮೂರನ್ನೂ ಒಂದಾದ ಮೇಲೊಂದು ಆರಿಸಿ. ಪರದೆಯಲ್ಲಿ ಏನೂ ಬದಲಾಗದಿದ್ದರೆ ನಿಮ್ಮ ಫೋಟೊದ ಆಕಾರ ಸರಿಯಿದೆ. ಆಕಾರ ಹೊಂದಿದಾಗ ಈ ಮೂರೂ ಒಂದೇ ಕೆಲಸ ಮಾಡುತ್ತವೆ. ಬದಲಾದರೆ ಫೋಟೊವನ್ನು ಸರಿಮಾಡಬೇಕೇ ಹೊರತು ಪಟ್ಟಿಯನ್ನು ಮತ್ತೆ ಮತ್ತೆ ತಿರುವಿ ಪ್ರಯೋಜನವಿಲ್ಲ.

ಮಂಜು ಮಂಜಾಗಿ, ಚೌಕ ಚೌಕವಾಗಿ ಕಾಣುವುದು ಬೇರೆಯೇ ರೋಗ. ಕಟ್ ಆಗುವುದು ಆಕಾರದಿಂದ, ಮಂಜಾಗುವುದು ಚುಕ್ಕಿಗಳ ಕೊರತೆಯಿಂದ. ಇವೆರಡನ್ನು ಜನ ಬೆರೆಸಿಬಿಡುತ್ತಾರೆ, ಅದಕ್ಕೇ ಔಷಧಿಯೂ ತಪ್ಪುತ್ತದೆ. ನಮ್ಮ ಉದಾಹರಣೆಯ ಫೋಟೊದಲ್ಲಿ ಅಡ್ಡಸಾಲಿಗೆ 1600 ಚುಕ್ಕಿ ಇವೆ, ಪರದೆಗೆ 1920 ಬೇಕು. ಇಲ್ಲದ ಚುಕ್ಕಿಗಳನ್ನು ವಿಂಡೋಸ್ ಅಕ್ಕಪಕ್ಕದ ಬಣ್ಣ ನೋಡಿ ಊಹಿಸಿ ತುಂಬುತ್ತದೆ, ಹಾಗಾಗಿ ಅಂಚುಗಳು ಮೆತ್ತಗಾಗುತ್ತವೆ. 1.2 ಪಟ್ಟು ಅಷ್ಟೇನೂ ಕಣ್ಣಿಗೆ ಹೊಡೆಯುವುದಿಲ್ಲ. ಅದೇ ಫೋಟೊವನ್ನು 3840×2160ರ ಪರದೆಗೆ ಹಾಕಿದರೆ 2.4 ಪಟ್ಟು ಹಿಗ್ಗುತ್ತದೆ, ಆಗ ಮುಖಗಳು ಮೇಣದ ಹಾಗೆ ಕಾಣುತ್ತವೆ. ಎಸ್.ಪಿ. ರಸ್ತೆಯಿಂದ ಹೊಸ ಮಾನಿಟರ್ ತಂದವರು "ಹಳೇದರಲ್ಲಿ ಚೆನ್ನಾಗಿತ್ತು" ಅನ್ನುವುದು ಇದಕ್ಕೇ.

ಚೌಕಗಳ ಕಾರಣ ಮಾತ್ರ ಸ್ವಲ್ಪ ಬೇರೆ. ಫೋಟೊ ಫೈಲುಗಳನ್ನು ಚಿಕ್ಕದಾಗಿಸುವ ಜೆಪಿಇಜಿ ವಿಧಾನ ಚಿತ್ರವನ್ನು 8×8 ಚುಕ್ಕಿಗಳ ತುಂಡುಗಳಾಗಿ ಮಾಡಿ ಅದುಮಿ ಇಡುತ್ತದೆ. ವಾಟ್ಸಾಪ್ ಇನ್ನಷ್ಟು ಬಿಗಿಯಾಗಿ ಅದುಮಿದಾಗ ಆ ತುಂಡುಗಳ ಗೆರೆ ಮೇಲೆ ಬರುತ್ತದೆ, ಆಕಾಶದಲ್ಲೋ ಖಾಲಿ ಗೋಡೆಯಲ್ಲೋ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಹಿಗ್ಗಿಸಿದರೆ ಚೌಕವೂ ಹಿಗ್ಗುತ್ತದೆ.

ಚುಕ್ಕಿ ಸಾಲುತ್ತವೆಯೇ ಎಂದು ತಿಳಿಯಲು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ Properties ತೆರೆದು, Details ನಲ್ಲಿ Dimensions ನೋಡಿ. ಎರಡೂ ಸಂಖ್ಯೆಗಳು ನಿಮ್ಮ ಪರದೆಯ ಸಂಖ್ಯೆಗಳಷ್ಟಾದರೂ ಇರಬೇಕು. ಪಕ್ಕದಲ್ಲೇ ಕಾಣುವ ಡಿಪಿಐ ನೋಡಿ ಗಾಬರಿಯಾಗಬೇಡಿ, ಅದನ್ನು 72ರಿಂದ 300ಕ್ಕೆ ಏರಿಸಿದರೆ ಪರದೆಯಲ್ಲಿ ಒಂದು ಚುಕ್ಕಿಯೂ ಹೆಚ್ಚಾಗುವುದಿಲ್ಲ. ಅದು ಮುದ್ರಣದವರಿಗೆ ಬರೆದಿಟ್ಟ ಸೂಚನೆ. ಚಿಕ್ಕ ಫೋಟೊವನ್ನು ಯಾವುದೋ ಆಪ್‌ನಲ್ಲಿ 4000ಕ್ಕೆ ರಿಸೈಜ್ ಮಾಡಿ ತರುವವರೂ ಇದ್ದಾರೆ. ಮಜ್ಜಿಗೆಗೆ ನೀರು ಬೆರೆಸಿ ಮೊಸರು ಜಾಸ್ತಿಯಾಯಿತು ಅಂದ ಹಾಗೆ.

ಪರಿಹಾರ ಮೂಲ ಫೋಟೊದಿಂದಲೇ ಶುರುವಾಗಬೇಕು. ಭಾವಮೈದನಿಗೆ ಅದನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ 4000×3000 ಹಾಗೆಯೇ ಬರುತ್ತದೆ. ಫೋಟೋಸ್ ಆಪ್‌ನಲ್ಲಿ ತೆರೆದು, ಕ್ರಾಪ್‌ನಲ್ಲಿ 16:9 ಆರಿಸಿ, ಚೌಕಟ್ಟನ್ನು ಮೇಲೆ ಕೆಳಗೆ ಸರಿಸಿ, ಮೂಲವನ್ನು ಮುಟ್ಟದೆ ಬೇರೆ ಪ್ರತಿಯಾಗಿ ಉಳಿಸಿ. ಸಿಗುವುದು 4000×2250. ಇದನ್ನು ಕುಗ್ಗಿಸಿ ತೋರಿಸುವುದರಿಂದ ಫೋಟೊ ಗರಿಗರಿಯಾಗಿಯೇ ಇರುತ್ತದೆ.

ಗಮನಿಸಿ, ಇಲ್ಲೂ ಕಾಲು ಭಾಗ ಹೋಗಿದೆ. ಯಾವ ಕಾಲು ಹೋಗಬೇಕು ಅನ್ನುವುದನ್ನು ಈಗ ನೀವು ತೀರ್ಮಾನಿಸಿದ್ದೀರಿ, ಅಷ್ಟೇ ವ್ಯತ್ಯಾಸ. ತೋರಣ ಉಳಿಸಿಕೊಂಡು ರಂಗೋಲಿ ಬಿಡಬಹುದು. ಎರಡೂ ಬೇಕೇ ಬೇಕೆಂದರೆ ಫಿಟ್‌ಗೆ ಒಪ್ಪಿಕೊಳ್ಳಿ. Solid color ಗೆ ಹೋಗಿ ಗೋಡೆಗೆ ಹೊಂದುವ ಬಣ್ಣ ಆರಿಸಿ, ಆಮೇಲೆ Picture ಗೆ ಮರಳಿದರೆ ಬದಿಯ ಪಟ್ಟಿಗಳು ಅಷ್ಟು ಅಸಹ್ಯ ಕಾಣುವುದಿಲ್ಲ. ಮುಂದಿನ ಸಲ ಕ್ಯಾಮೆರಾದಲ್ಲೇ 16:9 ಇಟ್ಟರಾಯಿತು ಎಂದುಕೊಳ್ಳುವವರಿಗೆ ಒಂದು ಮಾತು: ಹೆಚ್ಚಿನ ಮೊಬೈಲುಗಳು ಆ ಆಯ್ಕೆಯಲ್ಲೂ 4:3ರ ಮೇಲುಕೆಳಗನ್ನು ಕತ್ತರಿಸಿಯೇ ಕೊಡುವುದು. ಎರಡು ಹೆಜ್ಜೆ ಹಿಂದೆ ಸರಿದು ತೆಗೆಯಿರಿ.

ಕೊನೆಗೆ ಅದೇ ಪಟ್ಟಿಯ ಸ್ಪ್ಯಾನ್, ಒಂದೇ ಫೋಟೊವನ್ನು ಎಲ್ಲ ಮಾನಿಟರುಗಳ ಮೇಲೂ ಹರಡುವ ಆಯ್ಕೆ. ಎರಡು ಮಾನಿಟರ್ ಇಟ್ಟುಕೊಂಡವರು ಇದನ್ನೇ ಮೊದಲು ಒತ್ತುತ್ತಾರೆ. 1920×1080ರ ಎರಡು ಪರದೆ ಪಕ್ಕಪಕ್ಕ ಇದ್ದರೆ 3840×1080ರ ಒಂದೇ ಉದ್ದ ಪಟ್ಟಿ ಆಗುತ್ತದೆ, 32:9. ಅಗಲ ತುಂಬಿಸಲು 4000×3000ರ ಫೋಟೊವನ್ನು 3840×2880ಕ್ಕೆ ಇಳಿಸಿದರೆ ಅದರಲ್ಲಿ ಕಾಣುವುದು 1080 ಸಾಲು, ಅರ್ಧವೂ ಅಲ್ಲ. ಬೆಟ್ಟದ ಸಾಲು, ಕೆರೆಯ ದಂಡೆಯಂಥ ಉದ್ದ ಪನೋರಮಾಗಳಿಗೆ ಸ್ಪ್ಯಾನ್ ಚೆನ್ನ. ಗುಂಪು ಫೋಟೊಗೆ ಬೇಡ. ಹಾಕಿದರೆ ಫೋಟೊದ ನಟ್ಟನಡುವೆ ಕೂರಿಸಿದ ಅಜ್ಜಿಯ ಮುಖದ ಒಂದು ಕಣ್ಣು ಎಡ ಮಾನಿಟರಿಗೆ, ಇನ್ನೊಂದು ಬಲಕ್ಕೆ ಹೋಗಿ, ಮೂಗಿನ ಜಾಗದಲ್ಲಿ ಎರಡು ಪರದೆಗಳ ಕಪ್ಪು ಅಂಚು ನಿಲ್ಲುತ್ತದೆ. ಅದರ ಬದಲು Background ಪುಟದಲ್ಲಿ ಫೋಟೊದ ಮೇಲೆ ರೈಟ್ ಕ್ಲಿಕ್ ಮಾಡಿ, ಒಂದೊಂದು ಮಾನಿಟರಿಗೆ ಒಂದೊಂದು ಫೋಟೊ ಇಡಬಹುದು.